ಇಪ್ಪತ್ತೈದು ಪದಗಳಲ್ಲಿ ಎಷ್ಟು ಸುಳ್ಳು?

ತಿರ್ಲಾಪುರದಂಥ ಊರಿನ ಒಂದು ಒಕ್ಕಲು ಮನೆಯವರು ಮಗನ ಮದುವೆಗೆಂದು ಪತ್ರಿಕೆಯ ವಧು-ವರರ ಅಂಕಣಕ್ಕೆ ಹೀಗೆ ಬರೆದುಕೊಟ್ಟರು ಅಂದುಕೊಳ್ಳಿ:

‘ಪ್ರತಿಷ್ಠಿತ ಮನೆತನದ, ಸುಂದರ, ಸದ್ಗುಣಿ, 20 ಎಕರೆ ಸ್ವಂತ ಜಮೀನುಳ್ಳ, ಉತ್ತಮ ಆದಾಯದ, ಯಾವುದೇ ದುಶ್ಚಟವಿಲ್ಲದ, ಪದವೀಧರ, 28 ವರ್ಷದ ವರನಿಗೆ ಬೆಳ್ಳನೆಯ, ತೆಳ್ಳನೆಯ, ಸುಸಂಸ್ಕೃತ, ಮನೆಗೆಲಸ ಬಲ್ಲ ವಧು ಬೇಕು. ಮೊಬೈಲ್...’

ಫೋನ್ ನಂಬರೂ ಸೇರಿ ಸರಿಯಾಗಿ 25 ಪದ. ನಂಬರು ಮುಚ್ಚಿದರೆ ನವಲಗುಂದ, ಕುಂದಗೋಳ, ಅಣ್ಣಿಗೇರಿಯ ಯಾವ ಮನೆಗಾದರೂ ಹೊಂದುವ ಜಾಹೀರಾತು ಇದು. ಪದಕ್ಕೆ ಇಷ್ಟು ಎಂದು ರೊಕ್ಕ ಕೊಡುವ ತಂದೆ-ತಾಯಿಗಳೇ, ನಿಮ್ಮನ್ನೇ ಕೇಳುತ್ತಿದ್ದೇನೆ: ಇದರಲ್ಲಿ ನಿಮ್ಮ ಮಗ ಎಲ್ಲಿದ್ದಾನೆ? ಮನೆತನ ಪ್ರತಿಷ್ಠಿತ, ಮಗ ಸದ್ಗುಣಿ ಎಂದು ಹೆತ್ತವರೇ ಹೇಳಿಕೊಂಡರೆ ಅದನ್ನು ಓದಿ ಯಾರೂ ನಂಬುವುದಿಲ್ಲ. ಎಲ್ಲರೂ ಬರೆಯುತ್ತಾರೆಂದು ನೀವೂ ಬರೆದಿದ್ದೀರಿ. ಹೋದ ವಾರದ ಪುರವಣಿ ಎದುರಿಗಿಟ್ಟುಕೊಂಡು ನಕಲು ಮಾಡಿದ ಸೋಮಾರಿತನ ಇದು.

ಸೋಮಾರಿತನವನ್ನಾದರೂ ಸಹಿಸಬಹುದು, ಆ 20 ಎಕರೆಯನ್ನು ಸಹಿಸಲಾಗದು. ಉತಾರ ತೆಗೆದು ನೋಡಿ. ಅದರಲ್ಲಿ ನಿಮ್ಮ ಹೆಸರಿನ ಜೊತೆ ನಿಮ್ಮ ಇಬ್ಬರು ತಮ್ಮಂದಿರ ಹೆಸರೂ ಇದ್ದರೆ, ನಿಮ್ಮ ಪಾಲು ಆರು ಎಕರೆ ಇಪ್ಪತ್ತಾರು ಗುಂಟೆಯ ಆಸುಪಾಸು. ಅದು ಪಿತ್ರಾರ್ಜಿತವಾದರೆ 2005ರ ತಿದ್ದುಪಡಿಯ ಪ್ರಕಾರ ಮಗಳಿಗೂ ಮಗನಷ್ಟೇ ಹಕ್ಕಿದೆ. ಹಾಗಿರುವಾಗ ‘ಸ್ವಂತ’ ಎಂಬ ಪದ ಎಲ್ಲಿಂದ ಬಂತು? ‘ಉತ್ತಮ ಆದಾಯ’ವನ್ನೂ ಹೀಗೇ ಅಳೆಯಿರಿ. ಮಳೆ ನಂಬಿದ ಎರಿ ಹೊಲ, ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆಯೋ ಜೋಳವೋ. ಕೊಯ್ಲಿನ ವಾರ ಮಳೆ ಹಿಡಿದರೆ ಹೆಸರುಕಾಯಿ ಗಿಡದಲ್ಲೇ ಮೊಳಕೆ ಒಡೆಯುತ್ತದೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಆ ಮನೆಗೆ ಬಂದು ಬಾಳುವ ಹುಡುಗಿಗೆ ಮಾತ್ರ ಗೊತ್ತಾಗಬಾರದು ಎಂದು ಬಯಸುತ್ತೀರಿ.

ಮುಚ್ಚಿಟ್ಟರೂ ಅದು ನಿಲ್ಲುವುದಿಲ್ಲ. ರಾಜ್ಯದ ‘ಭೂಮಿ’ ವ್ಯವಸ್ಥೆಯಲ್ಲಿ ಪಹಣಿ ಗಣಕೀಕೃತವಾಗಿದೆ. ಸರ್ವೆ ನಂಬರ್ ತಿಳಿದವರು ಕುಳಿತಲ್ಲೇ ನೋಡುತ್ತಾರೆ. ಹುಡುಗಿಯ ಸೋದರಮಾವ ಫೋನಿನಲ್ಲಿ ಮೊದಲು ಕೇಳುವುದೂ ಅದನ್ನೇ. 28 ಎಂದು ಬರೆದ ವಯಸ್ಸು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 31 ಆದ ಮೇಲೆ, ನೀವು ಹೇಳಿದ ನಿಜವನ್ನೂ ಅವರು ನಂಬುವುದಿಲ್ಲ. ಆಮೇಲೆ ‘ರೈತರ ಮಕ್ಕಳಿಗೆ ಯಾರೂ ಹೆಣ್ಣು ಕೊಡುವುದಿಲ್ಲ’ ಎಂದು ಕಟ್ಟೆಯ ಮೇಲೆ ಕೂತು ಗೋಳಾಡುತ್ತೀರಿ. ಆ ಕಷ್ಟ ನಿಜ. 2023ರಲ್ಲಿ ಮಂಡ್ಯ ಕಡೆಯ ಅವಿವಾಹಿತ ಯುವಕರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದನ್ನು ನಾಡೇ ನೋಡಿದೆ. ಆದರೆ ಹಳ್ಳಿಯ ಬಾಳಿಗೆ ಒಪ್ಪಿ ಬರುವ ಹುಡುಗಿ ಎಲ್ಲೋ ಒಬ್ಬಳಿದ್ದರೂ, ನಿಮ್ಮ ಜಾಹೀರಾತಿನಲ್ಲಿ ಅವಳಿಗೆ ಹೇಳಿದ ಒಂದು ಮಾತೂ ಇಲ್ಲ. ಅವಳಿಂದ ಕೇಳಿದ್ದು ಮಾತ್ರ ಇದೆ: ಮೈಬಣ್ಣ, ಮೈಕಟ್ಟು, ಮನೆಗೆಲಸ.

ಅದೇ 25 ಪದಗಳ ಮಿತಿಯಲ್ಲಿ ಹೀಗೂ ಬರೆಯಬಹುದಿತ್ತು:

‘ತಿರ್ಲಾಪುರ. ಬಿ.ಎ., 31 ವರ್ಷ, ಒಕ್ಕಲುತನ. ಪಾಲಿಗೆ ಆರು ಎಕರೆ ಎರಿಹೊಲ, ನೀರಾವರಿಯಿಲ್ಲ. ತಂದೆ-ತಾಯಿ ಜೊತೆಗಿದ್ದಾರೆ. ಹಳ್ಳಿಯಲ್ಲಿರಲು ಒಪ್ಪುವ ವಧು ಬೇಕು. ನೌಕರಿ ಮಾಡಬಹುದು. ಹೊಲಗೆಲಸ ಕಡ್ಡಾಯವಲ್ಲ. ವರದಕ್ಷಿಣೆ ಬೇಡ. ಮೊಬೈಲ್...’

ಇದು 24 ಪದ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿಕೊಂಡು, ಸಂಧಿಯಿಂದ ಮುಂದಿನ ಪದವೂ ಕೂಡಿಕೊಳ್ಳುವುದರಿಂದ ‘ಹಳ್ಳಿಯಲ್ಲಿರಲು’ ಒಂದೇ ಪದವಾಗಿ ಎಣಿಕೆಯಾಗುತ್ತದೆ. ಜಾಗ ಸಾಲಲಿಲ್ಲ ಎಂಬ ನೆಪಕ್ಕೆ ಅವಕಾಶವೇ ಇಲ್ಲ. ಇದಕ್ಕೆ ಬರುವ ಫೋನುಗಳು ಕಡಿಮೆಯಾಗಬಹುದು. ಆದರೆ ಕರೆ ಮಾಡಿದವರು ನೀರಿಲ್ಲದ್ದನ್ನೂ ಅತ್ತೆ-ಮಾವ ಇರುವುದನ್ನೂ ತಿಳಿದೇ ಮಾಡಿರುತ್ತಾರೆ. ‘ಹೊಲಗೆಲಸ ಕಡ್ಡಾಯವಲ್ಲ’ ಎಂಬುದು ಮಾತ್ರ ಮನೆಯಲ್ಲಿ ಎಲ್ಲರೂ ಒಪ್ಪಿದ ಮಾತಾಗಿರಬೇಕು. ಸುಗ್ಗಿ ಬಂದ ಕೂಡಲೇ ಮುರಿಯುವ ಮಾತಾದರೆ ಅದನ್ನೂ ಅಚ್ಚು ಹಾಕಿಸಬೇಡಿ. ‘ಜಾತಿ ನಿರ್ಬಂಧವಿಲ್ಲ’ ಎಂದು ಬರೆಸಿ, ಫೋನೆತ್ತಿದ ಕೂಡಲೇ ಒಳಪಂಗಡ ಕೇಳುವವರಿಗೂ ಇದೇ ಮಾತು.

ಹೆಣ್ಣು ಹೆತ್ತವರೂ ಕೇಳಿಸಿಕೊಳ್ಳಿ. ‘ಒಬ್ಬಳೇ ಮಗಳು, ವರನಿಗೆ ಮನೆ, ಸೈಟು ಕೊಡಲಾಗುವುದು’ ಎಂದು ಬರೆಯುವುದು ಅಪರಾಧ. 1961ರ ವರದಕ್ಷಿಣೆ ನಿಷೇಧ ಕಾಯ್ದೆಗೆ 1986ರಲ್ಲಿ ಸೇರಿಸಿದ 4ಎ ಕಲಂ ಇದಕ್ಕೆಂದೇ ಇದೆ. ಮದುವೆಯ ಪ್ರತಿಫಲವಾಗಿ ಆಸ್ತಿ, ಹಣದ ಪಾಲು ಕೊಡುತ್ತೇವೆಂದು ಜಾಹೀರಾತು ನೀಡಿದವರಿಗೆ ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆವಾಸ ಅಥವಾ 15,000 ರೂಪಾಯಿವರೆಗೆ ದಂಡ. ಅದನ್ನು ಅಚ್ಚು ಹಾಕಿದವರಿಗೂ ಅದೇ ಶಿಕ್ಷೆ. ಮಗಳಿಗೆ ಕೊಡಬೇಕೆಂದಿದ್ದರೆ ಅವಳ ಹೆಸರಿಗೆ ನೋಂದಣಿ ಮಾಡಿಸಿ.

ಇನ್ನು, ಜಾಹೀರಾತು ಕೊಡುವ ಮುಂಚೆ ಎಷ್ಟು ಮನೆಗಳಲ್ಲಿ ಅದನ್ನು ಮದುವೆಯಾಗುವವರಿಗೆ ಓದಿ ಹೇಳುತ್ತಾರೆ? ಹುಡುಗ ಹುಬ್ಬಳ್ಳಿಯಲ್ಲಿ ಕೆಲಸ ಹುಡುಕುತ್ತಿರುತ್ತಾನೆ, ಇಲ್ಲಿ ತಂದೆ ‘ಒಕ್ಕಲುತನ’ ಎಂದು ಬರೆಸುತ್ತಾನೆ. ಹುಡುಗಿ ಬಿ.ಎಡ್. ಮುಗಿಸಬೇಕೆಂದಿರುತ್ತಾಳೆ, ತಾಯಿ ‘ಗೃಹಕೃತ್ಯದಲ್ಲಿ ಆಸಕ್ತಿ’ ಎಂದು ಹೇಳಿಬಿಡುತ್ತಾಳೆ. ಪತ್ರಿಕೆಯ ಏಜೆಂಟರ ಕೈಗೆ ಚೀಟಿ ಕೊಡುವ ಮೊದಲು ಅದನ್ನು ಮದುವೆಯಾಗುವವರ ಕೈಗೆ ಕೊಡಿ, ಜೊತೆಗೊಂದು ಪೆನ್ನನ್ನೂ ಕೊಡಿ. ಅವರು ಹೊಡೆದುಹಾಕಿದ ಪದವನ್ನು ಮತ್ತೆ ಸೇರಿಸಬೇಡಿ.