ಕೋಣೆಯೊಳಗಿನ ಗರಗರ ಮಂಡಲ

ಬಂಡಿಹಬ್ಬಕ್ಕೋ ಯಕ್ಷಗಾನದ ಆಟಕ್ಕೋ ಹೋದರೆ ಬಯಲಿನ ಅಂಚಿನಲ್ಲಿ ಗರಗರ ಮಂಡಲ ಕಾಣುವುದು ನಮ್ಮ ಕಡೆಯ ಹಳೆಯ ಸಂಗತಿ. ಅಲ್ಲಿ ನಿಂತ ಹುಡುಗ ಜೂಜಾಡುತ್ತಿದ್ದಾನೆಂದು ನೋಡಿದವರಿಗೆಲ್ಲ ತಿಳಿಯುತ್ತದೆ, ಬೆಳಗಾಗುವುದರೊಳಗೆ ಮನೆಗೂ ಸುದ್ದಿ ಮುಟ್ಟಿರುತ್ತದೆ. ಆದರೆ ಧಾರೇಶ್ವರದ ನಮ್ಮ ಕೇರಿಯ ಪಿಯುಸಿ ಹುಡುಗನೊಬ್ಬ ಅದೇ ಮಂಡಲವನ್ನು ಕೋಣೆಯಲ್ಲಿ ಕುಳಿತು ಆಡಿದ. ಅವನ ಅಪ್ಪನ ಬ್ಯಾಂಕ್ ಖಾತೆಯಲ್ಲಿ ಕಂಡಿದ್ದು ಗೇಮ್ ಕಂಪನಿಯ ಹೆಸರು ಮಾತ್ರ.

ಇದು ಹೇಗೆಂದು ಹೇಳಬೇಕಾದರೆ ಸ್ಕಿನ್ ಎಂದರೇನು ಎಂಬಲ್ಲಿಂದ ಶುರು ಮಾಡಬೇಕು. ಕೌಂಟರ್ ಸ್ಟ್ರೈಕ್ ಆಟದಲ್ಲಿ ಬಂದೂಕು, ಚಾಕುಗಳಿಗೆ ಬಣ್ಣ ಬಳಿದ ರೂಪಗಳೇ ಸ್ಕಿನ್. 2013ರಲ್ಲಿ ವಾಲ್ವ್ ಕಂಪನಿ ಇವನ್ನು ತಂದಿತು. ಇವುಗಳಿಂದ ಗುರಿ ಚುರುಕಾಗುವುದಿಲ್ಲ, ಆದರೆ ಅಪರೂಪದವಕ್ಕೆ ಸಾವಿರಾರು ರೂಪಾಯಿ ಬೆಲೆಯಿದೆ. ಸ್ಟೀಮ್ ಮಾರುಕಟ್ಟೆಯಲ್ಲಿ ಮಾರಿದರೆ ಹಣ ಸ್ಟೀಮ್ ವ್ಯಾಲೆಟ್‌ಗೆ ಬರುತ್ತದೆಯೇ ಹೊರತು ಕೈಗೆ ಬರುವುದಿಲ್ಲ. ಒಬ್ಬರಿಂದೊಬ್ಬರಿಗೆ ಸ್ಕಿನ್ ವರ್ಗಾಯಿಸಲು ಅವಕಾಶವಿದೆಯಲ್ಲ, ಹೊರಗಿನ ಜೂಜಿನ ತಾಣಗಳು ಹುಟ್ಟಿಕೊಂಡಿದ್ದು ಆ ಸಂದಿಯಲ್ಲಿ. ಸ್ಕಿನ್ ಕೊಟ್ಟರೆ ತಾಣ ‘ಕಾಯಿನ್’ ಕೊಡುತ್ತದೆ. ಹಲವು ಕಡೆ ಹದಿನೆಂಟು ತುಂಬಿದೆ ಎಂದು ಒಂದು ಚೌಕಕ್ಕೆ ಟಿಕ್ ಹಾಕಿದರೆ ಮುಗಿಯಿತು.

ಇವುಗಳಲ್ಲಿ ಪ್ರಸಿದ್ಧವಾದ ರೂಲೆಟ್ ಚಕ್ರವನ್ನೇ ನೋಡೋಣ. ಒಟ್ಟು 15 ಮನೆ: ಏಳು ಕೆಂಪು, ಏಳು ಕಪ್ಪು, ಒಂದು ಹಸಿರು. ಕೆಂಪು ಅಥವಾ ಕಪ್ಪು ಗೆದ್ದರೆ ಎರಡು ಪಟ್ಟು, ಹಸಿರು ಬಂದರೆ ಹದಿನಾಲ್ಕು ಪಟ್ಟು. ನೋಡಲು ನ್ಯಾಯವಾಗಿಯೇ ಇದೆ. ಈಗ ಕೆಂಪಿನ ಮೇಲೆ ನೂರು ನೂರರಂತೆ 15 ಸುತ್ತು ಕಟ್ಟಿ. ಹಾಕಿದ್ದು 1500. ಸರಾಸರಿ ಏಳು ಸಲ ಗೆದ್ದು, ಸಲಕ್ಕೆ 200ರಂತೆ ಬರುವುದು 1400. ಹಸಿರಿನ ಮೇಲೆ ಕಟ್ಟಿದರೂ ಅಷ್ಟೇ: 15ರಲ್ಲಿ ಒಂದು ಸಲ 1400. ಯಾವ ಬಣ್ಣ ಹಿಡಿದರೂ ನೂರಕ್ಕೆ ಆರೂವರೆಗಿಂತ ಹೆಚ್ಚು ತಾಣದ ಪಾಲು. ಗೆದ್ದದ್ದನ್ನೆಲ್ಲ ಮತ್ತೆ ಮತ್ತೆ ಕಟ್ಟುತ್ತ ಹೋದರೆ, ಹತ್ತು ಸುತ್ತಿಗೆ ಸರಾಸರಿ ಅರ್ಧ ಗಂಟು ಕರಗಿರುತ್ತದೆ. ಇದರ ಜೊತೆಗೆ, ಕೊಡುವಾಗ ನಿಮ್ಮ ಸ್ಕಿನ್‌ಗೆ ಕಡಿಮೆ ಬೆಲೆ, ಪಡೆಯುವಾಗ ಅವರ ಸ್ಕಿನ್‌ಗೆ ಹೆಚ್ಚು ಬೆಲೆ ಕಟ್ಟಿದರೆ ಚಕ್ರ ತಿರುಗುವ ಮೊದಲೇ ಒಂದು ನಷ್ಟ ಆಗಿಹೋಗಿರುತ್ತದೆ.

ನಮ್ಮ ಕ್ಲಾಸಿನವರೇ ಮೋಸಹೋಗುವುದು ‘ಪ್ರೂವಬ್ಲಿ ಫೇರ್’ ಎಂಬ ಫಲಕಕ್ಕೆ. ಸುತ್ತಿನ ಮೊದಲೇ ತಾಣ ಒಂದು ಹ್ಯಾಶ್ ಪ್ರಕಟಿಸುತ್ತದೆ. ನಂತರ ಮೂಲ ಸಂಖ್ಯೆ ತೋರಿಸಿದಾಗ ನಾವೇ ಲೆಕ್ಕ ಹಾಕಿ ತಾಳೆ ನೋಡಬಹುದು. ಇದು ಸರಿಯಾದ ಗಣಿತವೇ. ಆದರೆ ಅದು ಸಾಬೀತುಪಡಿಸುವುದು ಪಣ ಕಟ್ಟಿದ ಮೇಲೆ ಫಲಿತಾಂಶ ಬದಲಿಸಿಲ್ಲ ಎಂಬುದನ್ನಷ್ಟೇ. 15ಕ್ಕೆ 14 ಕೊಡುವ ಚಕ್ರ ಪ್ರಾಮಾಣಿಕವಾಗಿ ತಿರುಗಿದರೂ 15ಕ್ಕೆ 14ನ್ನೇ ಕೊಡುತ್ತದೆ.

ಹುಡುಗರು ಅಲ್ಲಿಗೆ ತಲುಪುವುದು ಹೆಚ್ಚಾಗಿ ವಿಡಿಯೊ ನೋಡಿ. ಇದರ ಬಗ್ಗೆ ದಾಖಲಾದ ಪ್ರಕರಣವೇ ಇದೆ. ಟ್ರೆವರ್ ಮಾರ್ಟಿನ್, ಥಾಮಸ್ ಕ್ಯಾಸೆಲ್ ಎಂಬ ಯೂಟ್ಯೂಬರ್‌ಗಳು ಸಿಎಸ್‌ಗೋ ಲೊಟ್ಟೊ ತಾಣದಲ್ಲಿ ಗೆಲ್ಲುವ ವಿಡಿಯೊ ಹಾಕುತ್ತಿದ್ದರು. ಆ ತಾಣ ಅವರದೇ ಎಂಬುದು 2016ರಲ್ಲಿ ಬಯಲಾಯಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2017ರಲ್ಲಿ ಅವರೊಂದಿಗೆ ಇತ್ಯರ್ಥ ಮಾಡಿಕೊಂಡಿತು. ಇನ್ನು ಮುಂದೆ ಸಂಬಂಧವನ್ನು ಸ್ಪಷ್ಟವಾಗಿ ತಿಳಿಸಬೇಕು ಎಂಬ ಷರತ್ತಷ್ಟೇ, ದಂಡವಿಲ್ಲ. ಸೋತ ಮಕ್ಕಳಿಗೆ ಅದರಿಂದೇನು ಬಂತು ಎಂದು ನಾನು ಕೇಳಿದರೆ ತಪ್ಪೇ?

ಕೇರಿಯ ಹುಡುಗ ಚಕ್ರದಲ್ಲಿ ಅರ್ಧ ಕಳೆದುಕೊಂಡ. ಉಳಿದರ್ಧ ಹೋದದ್ದು ಬೇರೆ ದಾರಿಯಲ್ಲಿ. ಸೋತ ಬೇಸರದಲ್ಲಿದ್ದಾಗ ‘ಉಚಿತ ಕಾಯಿನ್’ ಎಂಬ ಲಿಂಕ್ ಬಂತು. ಒತ್ತಿದರೆ ಸ್ಟೀಮ್ ಲಾಗಿನ್ ಕಿಟಕಿ ತೆರೆಯಿತು, ವಿಳಾಸವೂ ಸರಿಯಾಗಿಯೇ ಕಂಡಿತು. ಅದು ಕಿಟಕಿಯಲ್ಲ, ಪುಟದೊಳಗೆ ಬಿಡಿಸಿದ ಚಿತ್ರ. ಕಂಪ್ಯೂಟರಿನಲ್ಲಿ ಇಂಥ ಕಿಟಕಿಯನ್ನು ಮೌಸಿನಿಂದ ಬ್ರೌಸರ್ ಅಂಚಿನಾಚೆ ಎಳೆದು ನೋಡಬೇಕು. ಸುಳ್ಳಿನದು ಅಂಚಿನಲ್ಲೇ ಸಿಕ್ಕಿಕೊಳ್ಳುತ್ತದೆ. ಪಾಸ್‌ವರ್ಡ್ ಕೊಟ್ಟುಬಿಟ್ಟಿದ್ದರೆ ಅದನ್ನು ಬದಲಿಸುವುದರ ಜೊತೆಗೆ steamcommunity.com/dev/apikey ಪುಟದಲ್ಲಿ ನೀವು ಮಾಡಿರದ ಕೀ ಇದೆಯೇ ಎಂದು ನೋಡಿ, ಇದ್ದರೆ ಅಳಿಸಬೇಕು. 2025ರ ಜುಲೈನಿಂದ ಕೌಂಟರ್ ಸ್ಟ್ರೈಕ್ ಸ್ಕಿನ್‌ಗಳ ವರ್ಗಾವಣೆಯನ್ನು ಏಳು ದಿನದೊಳಗೆ ಹಿಂಪಡೆಯಲು ಸಾಧ್ಯವಿದೆ. ಇವನು ಬೈಸಿಕೊಳ್ಳುವ ಹೆದರಿಕೆಗೆ ಎರಡು ವಾರ ಬಾಯಿ ಬಿಡಲಿಲ್ಲ.

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳನ್ನು ನಿಷೇಧಿಸಿದೆ. ಹಣಕ್ಕೆ ಸಮನಾದ ಕಾಯಿನ್, ಟೋಕನ್, ವಸ್ತುಗಳೂ ಪಣವೇ ಎಂದು ಅದು ಹೇಳುತ್ತದೆ. ಶಿಕ್ಷೆ ಆಡಿಸುವವರಿಗೆ, ಆಡಿದವರಿಗಲ್ಲ. ಆದ್ದರಿಂದ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಲು ಹೆದರಬೇಕಿಲ್ಲ. ಆಡಿಸುವವನು ಯಾವ ದೇಶದಲ್ಲಿದ್ದಾನೋ ಪತ್ತೆಯಿಲ್ಲದಿದ್ದಾಗ ಹಣ ವಾಪಸು ಬರುವ ಭರವಸೆಯನ್ನು ನಾನಂತೂ ಅವನ ಅಪ್ಪನಿಗೆ ಕೊಡಲಿಲ್ಲ. ಕೀ ಅಳಿಸಿಕೊಟ್ಟು, ಪಾಸ್‌ವರ್ಡ್ ಬದಲಿಸಿ ಬಂದೆ.