'ಸ್ವಲ್ಪ ನೋಡ್ಕೋರಿ' ಅಂದ್ರೆ ಹದಿನಾಲ್ಕು ಗಂಟೆ

ಮೊನ್ನೆ ಸೋಮವಾರ ಸ್ಪ್ರಿಂಟ್ ಪ್ಲಾನಿಂಗ್ ಮುಗಿಸಿ ಕಾಫಿ ಮೆಷಿನ್ ಹತ್ರ ನಿಂತಿದ್ದೆ. ನಮ್ಮ ಟೀಮ್ ಲೀಡ್ ಬಂದ್ರು. ಧಾರವಾಡದ ಕಡೆಯವರು, ಒಳ್ಳೇ ಮನುಷ್ಯ. "ಈ ಸಲದ ರಿಲೀಸ್ ಒಂದ್ ಸ್ವಲ್ಪ ನೀವ ನೋಡ್ಕೋರಿ, ಏನ್ ಭಾಳ ಕೆಲಸ ಇಲ್ಲ ಅದು" ಅಂದ್ರು. ನಾನು "ನಾಳೆ ಬೆಳಿಗ್ಗೆ ಹೇಳ್ತೀನಿ, ಒಂದ್ಸಲ ಲೆಕ್ಕ ಹಾಕ್ಬೇಕು" ಅಂದೆ. ಮದುವೆ ಊಟಕ್ಕೆ ಕರೆದಾಗ ಮೆನು ಏನು ಅಂತ ಕೇಳಿದ ಹಾಗೆ ನನ್ನ ಮುಖ ನೋಡಿದ್ರು.

ಮಧ್ಯಾಹ್ನ ಊಟಕ್ಕೆ ಕೂತಾಗ ಪಕ್ಕದ ಟೀಮಿನ ಗೆಳೆಯನಿಗೆ ಇದನ್ನ ಹೇಳಿದೆ. ಅವನು ನಕ್ಕು, "ಹೂಂ ಅಂದ್ಬಿಡು ಮಗಾ. ಲೇಟಾದ್ರೆ ಆಮೇಲೆ ಡಿಪೆಂಡೆನ್ಸಿ ಮೇಲೆ ಹಾಕಿದ್ರಾಯ್ತು. ಅಪ್ರೈಸಲ್ ಹತ್ರ ಬಂತು" ಅಂದ.

ನಾನು ಇವತ್ತು ಜಗಳ ಆಡ್ತಿರೋದು ಲೀಡ್ ಜೊತೆಗಲ್ಲ, ಈ ಗೆಳೆಯನ ಜೊತೆಗೆ. ಯಾಕಂದ್ರೆ ನಮ್ಮಲ್ಲಿ ಹತ್ತರಲ್ಲಿ ಎಂಟು ಜನ ಅವನ ಹಾಗೇ. ಆಫೀಸಲ್ಲಿ ಎಲ್ಲರನ್ನೂ ಹೆಸರು ಹಿಡಿದು ಕರೀತೀವಿ, ಆದ್ರೆ ತಲೆಯೊಳಗಿನ 'ಆಯ್ತು ಸಾರ್' ಇನ್ನೂ ಹೋಗಿಲ್ಲ. ಆಗಲ್ಲ ಅಂತ ಗೊತ್ತಿದ್ದೂ ಆಗುತ್ತೆ ಅನ್ನೋದನ್ನ ನಾವು ವಿನಯ ಅಂದ್ಕೊಂಡಿದೀವಿ. ನನ್ನ ಪ್ರಕಾರ ಅದು ಶುದ್ಧ ಸುಳ್ಳು. ಆ ಸುಳ್ಳನ್ನ ನಂಬಿ ಲೀಡ್ ಪಾಪ ತನ್ನ ಮೇಲಿನವರಿಗೆ ಒಂದು ತಾರೀಖು ಕೊಟ್ಟಿರ್ತಾರೆ.

ನಾನೇನು ಹುಟ್ಟಾ ಸತ್ಯಹರಿಶ್ಚಂದ್ರ ಅಲ್ಲ. ನಾಲ್ಕು ತಿಂಗಳ ಹಿಂದೆ ಇದೇ ರಿಲೀಸ್ ಕೆಲಸಕ್ಕೆ ಕಣ್ಣುಮುಚ್ಚಿ ಹೂಂ ಅಂದಿದ್ದೆ. ಆಗ ನನ್ನ ಕೈಲಿ ಒಂದು ಡೇಟಾಬೇಸ್ ಬದಲಾವಣೆ ಇತ್ತು. ಪೇಮೆಂಟ್ ಟೇಬಲ್ಲಿನ `settled_on` ಅನ್ನೋ ಕಾಲಮ್ಮಿನ ಹೆಸರು `settlement_date` ಆಗ್ಬೇಕಿತ್ತು. ಕೇಳೋಕೆ ಚಿಲ್ಲರೆ ಕೆಲಸ. ಆದ್ರೆ ನಮ್ಮ ಸರ್ವರ್‌ಗಳೆಲ್ಲ ಒಂದೇ ಕ್ಷಣಕ್ಕೆ ಹೊಸ ಕೋಡಿಗೆ ಬದಲಾಗಲ್ಲ, ಎರಡೆರಡಾಗಿ ಬದಲಾಗ್ತವೆ. ಆ ಹೊತ್ತಲ್ಲಿ ಹಳೇ ಕೋಡು ಹಳೇ ಕಾಲಮ್ಮನ್ನೇ ಕೇಳ್ತಾ ಇರುತ್ತೆ. ಹಾಗಾಗಿ ಇದನ್ನ ಮೂರು ಕಂತಲ್ಲಿ ಮಾಡ್ಬೇಕು. ಮೊದಲು ಹೊಸ ಕಾಲಮ್ ಸೇರಿಸಿ ಎರಡಕ್ಕೂ ಬರೆಯೋದು. ಆಮೇಲೆ ಹಳೇ ಡೇಟಾ ತುಂಬಿಸಿ, ಹೊಸದರಿಂದ ಓದೋಕೆ ಶುರು ಮಾಡೋದು. ಹಳೇದನ್ನ ಯಾರೂ ಮುಟ್ತಿಲ್ಲ ಅಂತ ಖಾತ್ರಿ ಆದ ಮೇಲೆ ಅದನ್ನ ತೆಗೆಯೋದು. ನನಗಿದು ಗೊತ್ತಿತ್ತು, ಪ್ಲಾನಲ್ಲೂ ಬರೆದಿದ್ದೆ. ಆದ್ರೆ ರಿಲೀಸ್ ಓಡಾಟದಲ್ಲಿ ನಾಲ್ಕು ದಿನ ಹೋಯ್ತು. 'ಹೆಸರು ತಾನೇ' ಅಂತ ಒಂದೇ ಏಟಿಗೆ ಬದಲಾಯಿಸಿದೆ. ಮೊದಲ ಎರಡು ಸರ್ವರ್ ಹೊಸದಾದ ಕೂಡಲೇ ಉಳಿದವು ಎರರ್ ಕಾರೋಕೆ ಶುರು ಮಾಡಿದ್ವು. ಹಿಂದಕ್ಕೆ ತರೋಣ ಅಂದ್ರೆ ಕೋಡ್ ಹಿಂದಕ್ಕೆ ಬಂತು, ಕಾಲಮ್ ಬರಲಿಲ್ಲ! ಅದನ್ನ ಮತ್ತೆ ಕೈಯಾರೆ ಹಳೇ ಹೆಸರಿಗೆ ತರೋ ಹೊತ್ತಿಗೆ ಇಪ್ಪತ್ತೆರಡು ನಿಮಿಷ. ರಾತ್ರಿ ಹನ್ನೊಂದೂವರೆಗೆ ಆ ಇಪ್ಪತ್ತೆರಡು ನಿಮಿಷ ಎಷ್ಟು ಉದ್ದ ಅಂತ ಅನುಭವಿಸಿದವರಿಗೇ ಗೊತ್ತು.

ಅವತ್ತಿನ ವರದಿಯಲ್ಲಿ 'ರಿವ್ಯೂ ಸಾಕಾಗಲಿಲ್ಲ' ಅಂತ ಬರೆದ್ವಿ. ನಾನು ಆಗಲ್ಲ ಅನ್ನೋ ಕಡೆ ಹೂಂ ಅಂದಿದ್ದೆ ಅನ್ನೋದು ಎಲ್ಲೂ ಬರಲಿಲ್ಲ. ಅದು ನಿಜವಾದ ಕಾರಣ.

ಆಮೇಲೆ ಒಂದು ಕೆಲಸ ಮಾಡಿದೆ. ಎರಡು ವಾರ, ಯಾವುದಕ್ಕೆ ಎಷ್ಟು ಹೊತ್ತು ಹೋಯ್ತು ಅಂತ ಪುಸ್ತಕದಲ್ಲಿ ಗುರುತು ಹಾಕಿದೆ. ದಿನಕ್ಕೆ ಎಂಟು ಗಂಟೆ ಅನ್ನೋದೆಲ್ಲ ಕಾಗದದ ಮೇಲೆ. ಸ್ಟ್ಯಾಂಡಪ್, ಮೀಟಿಂಗು, 'ಒಂದ್ನಿಮಿಷ ಬರ್ತೀರಾ'ಗಳೆಲ್ಲ ಕಳೆದು ನನಗೆ ಸಿಗೋದು ದಿನಕ್ಕೆ ಐದು ಗಂಟೆ. ರಿಲೀಸಿಗೂ ಹಾಗೇ ಲೆಕ್ಕ ಹಾಕಿದೆ: ಎಲ್ಲರ ಟಿಕೆಟ್ ಬೆನ್ನು ಹತ್ತೋದು, ಬ್ರಾಂಚ್ ತೆಗೆಯೋದು, ಅನುಮತಿಗಳು, ಸ್ಟೇಜಿಂಗಲ್ಲಿ ಪರೀಕ್ಷೆ, ಗುರುವಾರ ರಾತ್ರಿ ಡಿಪ್ಲಾಯ್, ಶುಕ್ರವಾರ ಬೆಳಿಗ್ಗೆ ಕಾವಲು. ಒಟ್ಟು ಹದಿನಾಲ್ಕು ಗಂಟೆ. ಲೀಡ್ ಸುಳ್ಳು ಹೇಳ್ತಿರಲಿಲ್ಲ, ಅವರು ಐದು ವರ್ಷದ ಹಿಂದೆ ರಿಲೀಸ್ ಮಾಡೋವಾಗ ನಿಜಕ್ಕೂ ಅದು 'ಸ್ವಲ್ಪ'ವೇ ಇತ್ತು.

ಸೋಮವಾರ ರಾತ್ರಿ ಕೂತು ಹಾಕಿದ ಲೆಕ್ಕ ಇಷ್ಟೇ. ಹತ್ತು ದಿನಕ್ಕೆ ಐವತ್ತು ಗಂಟೆ. ಎರಡನೇ ವಾರ ನಾನು ಆನ್‌ಕಾಲ್, ಅದಕ್ಕೆ ಹತ್ತು. ಆ ಕಾಲಮ್ ಕೆಲಸವನ್ನ ಈ ಸಲ ಸರಿಯಾಗಿ ಶುರು ಮಾಡೋಕೆ ಇಪ್ಪತ್ತೆಂಟು. ಇಬ್ಬರ ಕೋಡ್ ರಿವ್ಯೂಗೆ ಎಂಟು. ಉಳಿದಿದ್ದು ನಾಲ್ಕು. ಕೇಳಿದ್ದು ಹದಿನಾಲ್ಕು.

ಇಲ್ಲಿ ಇನ್ನೊಂದು ಸುಳ್ಳಿಗೆ ಅವಕಾಶ ಇದೆ, ನಮ್ಮ ಜಾಣರು ಅದನ್ನೂ ಮಾಡ್ತಾರೆ. ಇಪ್ಪತ್ತೆಂಟನ್ನ ನಲವತ್ತು ಅಂತ ಬರೆದುಬಿಟ್ಟರೆ ಯಾರಿಗೂ ಇಲ್ಲ ಅನ್ನೋ ಪ್ರಮೇಯವೇ ಬರಲ್ಲ. ಆದ್ರೆ ಒಂದೆರಡು ಸಲ ಬೇಗ ಮುಗಿಸಿ ಸಿಕ್ಕಿಬಿದ್ರೆ ಮುಂದೆ ನೀವು ಹೇಳಿದ್ದಕ್ಕೆಲ್ಲ ಲೀಡ್ ಅರ್ಧ ಕಡಿತ ಮಾಡ್ತಾರೆ, ಆಮೇಲೆ ನಿಜ ಹೇಳಿದ್ರೂ ಪ್ರಯೋಜನ ಇಲ್ಲ. ಇನ್ನೊಂದು ತಪ್ಪು ನಾನೇ ಮಾಡಿದೀನಿ. ಒಮ್ಮೆ ಒಂದು ಡಾಕ್ಯುಮೆಂಟೇಶನ್ ಕೆಲಸಕ್ಕೆ 'ಟೈಮಿಲ್ಲ' ಅಂದೆ. ಟೈಮಿತ್ತು, ಇಷ್ಟ ಇರಲಿಲ್ಲ. ಅದಕ್ಕೇ ಈಗ ಲೆಕ್ಕ ತೋರಿಸದೆ ಇಲ್ಲ ಅನ್ನಲ್ಲ.

ಮಂಗಳವಾರ ಬೆಳಿಗ್ಗೆ ಲೀಡಿಗೆ ಬರೆದೆ. ಇಂಗ್ಲಿಷಲ್ಲಿತ್ತು, ಸಾರಾಂಶ ಹೀಗೆ: "ನನ್ನ ಹತ್ರ ನಾಲ್ಕು ಗಂಟೆ ಇದೆ, ರಿಲೀಸಿಗೆ ಹದಿನಾಲ್ಕು ಬೇಕು. ರಿಲೀಸ್ ನಾನೇ ಮಾಡ್ಬೇಕು ಅಂದ್ರೆ ಕಾಲಮ್ ಕೆಲಸದ ಡೇಟಾ ತುಂಬಿಸೋ ಭಾಗ ಮುಂದಿನ ಸ್ಪ್ರಿಂಟಿಗೆ ಹೋಗುತ್ತೆ. ಅಥವಾ ನನ್ನ ಆನ್‌ಕಾಲ್ ವಾರವನ್ನ ಯಾರಾದ್ರೂ ಬದಲಾಯಿಸಿಕೊಂಡ್ರೆ ಸರಿಯಾಗಿ ಹದಿನಾಲ್ಕು ಆಗುತ್ತೆ. ಅಥವಾ ರಿಲೀಸ್ ಬೇರೆಯವರು ಮಾಡಲಿ, ಎರಡು ಗಂಟೆ ಕೂತು ಅವರಿಗೆ ತೋರಿಸಿಕೊಡ್ತೀನಿ. ಯಾವುದು ಮುಖ್ಯ ಅಂತ ನೀವು ಹೇಳಿ."

ಇಲ್ಲಿ ಗಮನಿಸಬೇಕಾದ್ದು ಕೊನೇ ವಾಕ್ಯ. ಯಾವ ಕೆಲಸ ಮೊದಲು ಅನ್ನೋದು ಲೀಡಿನ ಅಧಿಕಾರ, ಅದನ್ನ ನಾನು ಕಸಿದುಕೊಳ್ಳೋ ಹಾಗಿಲ್ಲ. ಆದ್ರೆ ನನ್ನ ಹತ್ರ ಎಷ್ಟು ಗಂಟೆ ಇದೆ ಅನ್ನೋದು ಅಧಿಕಾರದ ವಿಷಯ ಅಲ್ಲ. ಹೂಂ ಅಂದು ಸುಮ್ಮನಾದಾಗ ನಾನು ಮಾಡೋದು ಇದಕ್ಕೆ ಉಲ್ಟಾ. ಯಾವುದನ್ನ ಬಿಡಬೇಕು ಅಂತ ಕೊನೆಗೆ ನಾನೇ ತೀರ್ಮಾನ ಮಾಡಿರ್ತೀನಿ, ಅದೂ ಅವರಿಗೆ ಹೇಳದೆ, ರಾತ್ರಿ ಹನ್ನೊಂದೂವರೆಗೆ.

ಲೀಡ್ ಮೊದಲು ಅಂದಿದ್ದು ನಿರೀಕ್ಷೆಯ ಹಾಗೇ: "ಎರಡೂ ಮಾಡ್ರೆಲಾ, ಹೊಸಾ ಹುಡುಗನ್ನ ಜೋಡಿ ಕೊಡ್ತೀನಿ." ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದ್ರೆ ಇನ್ನೂ ತಡ ಆಗುತ್ತೆ ಅಂತ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿಟ್ಟಿದ್ದಾರೆ. ಆದ್ರೆ ಲೀಡಿಗೆ ಪುಸ್ತಕ ಓದಿ ಹೇಳೋಕಾಗುತ್ತಾ? "ಹುಡುಗನಿಗೆ ಕಲಿಸೋ ಗಂಟೆಗಳೂ ಇದೇ ನಾಲ್ಕರಲ್ಲೇ ಬರ್ಬೇಕು" ಅಂದೆ. ಒಂದು ನಿಮಿಷ ಇಬ್ಬರೂ ಮಾತಾಡಲಿಲ್ಲ. ಹೋದ ಸಲದ ಇಪ್ಪತ್ತೆರಡು ನಿಮಿಷ ಅವರಿಗೂ ನೆನಪಾಗಿರ್ಬೇಕು.

ಇದು ಎಲ್ಲ ಕಡೆ ನಡೆಯಲ್ಲ, ಒಪ್ತೀನಿ. ಪ್ರೊಡಕ್ಷನ್ ಬಿದ್ದಾಗ ಪುಸ್ತಕ ತೆಗೆದು ಲೆಕ್ಕ ಹೇಳೋನು ಮನುಷ್ಯನೇ ಅಲ್ಲ, ಮೊದಲು ಹೋಗಿ ಎತ್ತಬೇಕು. ಪ್ರೊಬೇಶನ್‌ನಲ್ಲಿರೋ ಹುಡುಗರಿಗೆ ಇಷ್ಟು ಧೈರ್ಯ ಮಾಡಿ ಅನ್ನೋದೂ ಸುಲಭ, ಅವರ ಬಾಡಿಗೆ ನಾನು ಕಟ್ಟಲ್ಲ. ಕೆಲವು ಲೀಡ್‌ಗಳು ಏನೇ ತೋರಿಸಿದ್ರೂ 'ಎರಡೂ ಬೇಕು' ಅಂತಾರೆ. ಅಂಥವರಿಗೆ 'ಸರಿ, ಹಾಗಾದ್ರೆ ಇದು ಮುಗಿಯೋದು ಇಂಥ ತಾರೀಖಿಗೆ' ಅಂತ ಅವತ್ತೇ ಬರೆದು ಕಳಿಸೋದು ಬಿಟ್ಟು ನನಗೆ ಬೇರೆ ದಾರಿ ಗೊತ್ತಿಲ್ಲ. ತಾರೀಖು ಜಾರಿದ ಮೇಲೆ ಬರೆದ್ರೆ ಅದು ನೆಪ ಅನ್ನಿಸುತ್ತೆ.

ನಮ್ಮ ಲೀಡ್ ಸಂಜೆ ಮೂರನೇ ದಾರಿ ಆರಿಸಿದ್ರು. ರಿಲೀಸ್ ಈಗ ಸರದಿ ಪ್ರಕಾರ, ಈ ಸಲ ನಮ್ಮ ಟೆಸ್ಟಿಂಗಿನ ಹುಡುಗಿ ಮಾಡ್ತಾಳೆ, ಅವಳ ಟಿಕೆಟ್ ಒಂದನ್ನ ಲೀಡೇ ತೆಗೆದುಕೊಂಡ್ರು. "ನಿಮ್ಮ ಪಾಳಿ ಮುಂದಿನ ತಿಂಗಳು, ಅವಾಗ ಪುಸ್ತಕ ತೆಗೀಬ್ಯಾಡ್ರಿ ಮತ್ತ" ಅಂದ್ರು, ಅರ್ಧ ತಮಾಷೆಗೆ. ಅಪ್ರೈಸಲ್ ಏನಾಗುತ್ತೋ ಗೊತ್ತಿಲ್ಲ :-) ಹೊಸ ಕಾಲಮ್ ನಿನ್ನೆ ಪ್ರೊಡಕ್ಷನ್‌ಗೆ ಹೋಯ್ತು. ಸದ್ಯಕ್ಕೆ ಹಳೇದೂ ಪಕ್ಕದಲ್ಲೇ ಇದೆ, ಎರಡಕ್ಕೂ ಬರೀತಾ ಇದೀವಿ.