ಮಾವನ ಪತ್ರವೂ ಅಳಿಯನ ಲೆಕ್ಕವೂ

ವಿದೇಶದಲ್ಲಿ ನೆಲೆಸಿದ ಸೋದರಮಾವನು ಊರಿನ ಅಳಿಯನಿಗೆ ಬರೆಯುವ ವ್ಯಾಪಾರದ ಪತ್ರ ನಮ್ಮ ಭಾಗಕ್ಕೆ ಹೊಸದಲ್ಲ. ಸಿಂಧನೂರಿನ ಅಕ್ಕಿ ಗಿರಣಿಯ ಮಾಲೀಕರೊಬ್ಬರು ದುಬೈಯಿಂದ ಬಂದ ಇಂತಹ ಪತ್ರವೊಂದನ್ನು ನನ್ನ ಸಲಹೆಗಾಗಿ ತಂದಿದ್ದರು. ಮಾವ ಸೂಚಿಸಿದ್ದು ಎರಡು ವ್ಯವಹಾರಗಳು: ಅಲ್ಲಿಂದ ಚಿನ್ನ ತರಿಸುವುದು ಮತ್ತು ಇಲ್ಲಿಂದ ಸೋನಾ ಮಸೂರಿ ಅಕ್ಕಿ ಕಳುಹಿಸುವುದು. ನಮ್ಮ ಸದಸ್ಯರಲ್ಲಿ ಅನೇಕರಿಗೆ ಇಂತಹ ಪತ್ರಗಳು ಬರುತ್ತಿರುವುದರಿಂದ, ಅದನ್ನು ಓದುವ ಬಗೆಯನ್ನು ಇಲ್ಲಿ ವಿವರಿಸುವುದು ಉಚಿತವೆಂದು ಭಾವಿಸುತ್ತೇನೆ.

ಚಿನ್ನದ ಮಾತನ್ನು ಮೊದಲೇ ಬದಿಗಿಡಬಹುದು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನ ತೆಗೆಯುತ್ತಾರೆಂದ ಮಾತ್ರಕ್ಕೆ ನಮಗೆ ಚಿನ್ನದ ಆಮದು ಸುಲಭವಾಗುವುದಿಲ್ಲ. ವ್ಯಾಪಾರಕ್ಕಾಗಿ ಚಿನ್ನವನ್ನು ತರಿಸಿಕೊಳ್ಳುವ ಅವಕಾಶವಿರುವುದು ರಿಸರ್ವ್ ಬ್ಯಾಂಕ್ ಅಧಿಕಾರ ನೀಡಿದ ಬ್ಯಾಂಕುಗಳು, ಸರ್ಕಾರ ಗೊತ್ತುಪಡಿಸಿದ ಸಂಸ್ಥೆಗಳು ಮತ್ತು ಅರ್ಹತೆ ಪಡೆದ ಕೆಲವು ಆಭರಣ ವ್ಯಾಪಾರಿಗಳಿಗೆ ಮಾತ್ರ. ಗಿರಣಿಯವರಿಗೆ ಆ ಬಾಗಿಲು ತೆರೆದಿಲ್ಲ.

ಅಕ್ಕಿಯ ಮಾತು ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಸಿಂಧನೂರು, ಮಸ್ಕಿ ಭಾಗದ ಭತ್ತಕ್ಕೆ ಹೆಸರಿದೆ. ಹೊರನಾಡಿನ ದಕ್ಷಿಣ ಭಾರತೀಯರು ಸೋನಾ ಮಸೂರಿಯನ್ನು ಹೆಸರು ಹಿಡಿದೇ ಕೇಳುತ್ತಾರೆ. ಆದರೆ ಮಾವನ ಪತ್ರದಲ್ಲಿದ್ದದ್ದು ದುಬೈನ ಅಂಗಡಿಯ ಬೆಲೆ. ಅದರಲ್ಲಿ ಆಮದುದಾರನ, ವಿತರಕನ ಮತ್ತು ಅಂಗಡಿಯವನ ಪಾಲು ಸೇರಿರುತ್ತದೆ. ನಮಗೆ ಬೇಕಾದದ್ದು ಆಮದುದಾರನು ನಮಗೆ ಕೊಡುವ ಬೆಲೆ.

ಒಂದು ಲೆಕ್ಕವನ್ನು ಉದಾಹರಣೆಗಾಗಿ ನೋಡೋಣ. ಇಪ್ಪತ್ತು ಅಡಿಯ ಒಂದು ಕಂಟೇನರ್‌ನಲ್ಲಿ ಸುಮಾರು 25 ಟನ್ ಅಕ್ಕಿ ಹಿಡಿಯುತ್ತದೆ. ಗಿರಣಿ ಬಾಗಿಲಲ್ಲಿ ಕಿಲೋಗೆ 48 ರೂಪಾಯಿ ಎಂದಿಟ್ಟುಕೊಂಡರೆ ಸರಕಿನ ಬೆಲೆ 12 ಲಕ್ಷ ರೂಪಾಯಿ. ಚೀಲ ಮತ್ತು ಮುದ್ರಣ, ಬಂದರಿನವರೆಗೆ ಲಾರಿ ಬಾಡಿಗೆ, ಕಸ್ಟಮ್ಸ್ ಏಜೆಂಟರ ಮತ್ತು ಬಂದರಿನ ವೆಚ್ಚ, ಹಡಗಿನ ಬಾಡಿಗೆ, ವಿಮೆ ಎಲ್ಲ ಸೇರಿ 2 ಲಕ್ಷವಾಯಿತೆನ್ನಿ. ಅಲ್ಲಿಗೆ ಕಿಲೋಗೆ ಬಿದ್ದದ್ದು 56 ರೂಪಾಯಿ. ಆಮದುದಾರನು 60 ಕೊಟ್ಟರೆ ಉಳಿಯುವುದು ಒಂದು ಲಕ್ಷ. ಆದರೆ ಭತ್ತ ಕೊಂಡ ದಿನದಿಂದ ಹಣ ಕೈಸೇರುವವರೆಗೆ ನಾಲ್ಕು ತಿಂಗಳು ಹಿಡಿದರೆ, ಶೇ. 12ರ ದರದಲ್ಲಿ 14 ಲಕ್ಷಕ್ಕೆ 56,000 ರೂಪಾಯಿ ಬಡ್ಡಿಯಾಗುತ್ತದೆ. ಲಾಭ 44,000ಕ್ಕೆ ಇಳಿಯಿತು. ಆದುದರಿಂದ ಈ ವ್ಯಾಪಾರದಲ್ಲಿ ಬೆಲೆಯಷ್ಟೇ ಮುಖ್ಯವಾದದ್ದು ಹಣ ಬರುವ ದಿನ.

ಬಂಧುತ್ವ ತೊಡಕಾಗುವುದು ಇಲ್ಲಿಯೇ. "ಸರಕು ಮಾರಿದ ಮೇಲೆ ಕೊಡುತ್ತೇನೆ, ಅವಸರವಿದ್ದರೆ ಊರಿನಲ್ಲಿ ನಿನ್ನ ತಾಯಿಯ ಕೈಗೆ ಕೊಡಿಸುತ್ತೇನೆ" ಎಂದು ಮಾವ ಬರೆದಿದ್ದರು. ಊರಿನಲ್ಲಿ ಕೈಗೆ ಬಂದ ರೂಪಾಯಿ ರಫ್ತಿನ ಹಣವೆಂದು ಎಣಿಕೆಯಾಗುವುದಿಲ್ಲ. ಶಿಪ್ಪಿಂಗ್ ಬಿಲ್ಲಿನ ಎದುರು ಬ್ಯಾಂಕಿನ ಮೂಲಕ, ನಿಯಮ ಒಪ್ಪುವ ರೀತಿಯಲ್ಲಿ ಹಣ ಬಾರದಿದ್ದರೆ ಆ ಬಿಲ್ಲು ಬಾಕಿಯಾಗಿಯೇ ಉಳಿದು, ಮುಂದಿನ ಸರಕು ಕಳುಹಿಸಲು ಅಡ್ಡಿಯಾಗುತ್ತದೆ. ಹೀಗಾಗಿ ಒಂದು ಭಾಗ ಮುಂಗಡ ಪಡೆದು, ಉಳಿದದ್ದನ್ನು ಬ್ಯಾಂಕಿನ ಮೂಲಕ ದಾಖಲೆಗಳನ್ನು ಬಿಡಿಸಿಕೊಳ್ಳುವಾಗಲೇ ಪಾವತಿ ಮಾಡಿಸಿಕೊಳ್ಳುವುದು ಒಳ್ಳೆಯದು. ಹಣ ಕಟ್ಟದೆ ಸರಕಿನ ದಾಖಲೆ ಅವರ ಕೈಸೇರಬಾರದು. ಮಾವನಾದರೂ ಈ ನಿಯಮ ಸಡಿಲವಾಗಬಾರದು.

ಇನ್ನೊಂದು ಅಪಾಯ ಸರ್ಕಾರದ ಆಜ್ಞೆಯಿಂದ ಬರುತ್ತದೆ. 2023ರ ಜುಲೈ 20ರಂದು ಬಾಸುಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ಕೇಂದ್ರವು ನಿಷೇಧಿಸಿತು. ಹಡಗಿಗೆ ತುಂಬಲು ಆರಂಭಿಸಿದ್ದಂತಹ ಕೆಲವು ಸರಕುಗಳಿಗೆ ಮಾತ್ರ ವಿನಾಯಿತಿ ದೊರೆಯಿತು. ಕೇವಲ ಒಪ್ಪಂದ ಮಾಡಿಕೊಂಡವರಿಗೆ ದಾರಿ ಮುಚ್ಚಿತು. ನಿಷೇಧ ತೆರವಾದದ್ದು 2024ರ ಸೆಪ್ಟೆಂಬರ್ 28ರಂದು, ಅದೂ ಟನ್ನಿಗೆ 490 ಡಾಲರ್ ಕನಿಷ್ಠ ಬೆಲೆಯ ಷರತ್ತಿನೊಂದಿಗೆ. ಮರು ತಿಂಗಳು ಆ ಷರತ್ತೂ ಹೋಯಿತು. ಆ ಹದಿನಾಲ್ಕು ತಿಂಗಳು ವಿದೇಶದ ಹೆಸರು ಮುದ್ರಿಸಿದ ಚೀಲಗಳನ್ನು ಗೋದಾಮಿನಲ್ಲಿಟ್ಟವರ ಸ್ಥಿತಿಯನ್ನು ಊಹಿಸಬಹುದು. ಸರ್ಕಾರ ರಫ್ತು ತಡೆದರೆ ಯಾರೂ ಯಾರಿಗೂ ಪರಿಹಾರ ಕೊಡಬೇಕಿಲ್ಲವೆಂಬ ಷರತ್ತು ಒಪ್ಪಂದದಲ್ಲಿರಲಿ. 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಂದವನ್ನು ಅಪೆಡಾದಲ್ಲಿ ನೋಂದಾಯಿಸಬೇಕೆಂಬ ನಿಯಮವೂ ಬಂದಿರುವುದರಿಂದ, ಬಾಯಿಮಾತಿನ ಒಪ್ಪಂದ ಹೇಗೂ ನಡೆಯದು.

ನನ್ನ ಅಭಿಪ್ರಾಯವಿಷ್ಟೆ. ಅಳಿಯನು ಮಾವನಿಗೆ ಮರುಪತ್ರದಲ್ಲಿ ಮೂರು ಪ್ರಶ್ನೆ ಕೇಳಲಿ: ಆಮದು ಪರವಾನಗಿ ಯಾರ ಹೆಸರಿನಲ್ಲಿದೆ? ಬಂದರಿಗೆ ಮುಟ್ಟಿದ ಸರಕಿಗೆ ಅವರು ಕಿಲೋಗೆ ಎಷ್ಟು ಕೊಡುತ್ತಾರೆ? ಮುಂಗಡ ಎಷ್ಟು? ಮೂರಕ್ಕೂ ಲಿಖಿತ ಉತ್ತರ ಬಂದರೆ ಐಇಸಿ ಸಂಖ್ಯೆ ಪಡೆದು ಒಂದು ಕಂಟೇನರ್ ಕಳುಹಿಸಬಹುದು. ಅದರ ಹಣ ಬ್ಯಾಂಕಿಗೆ ಬಂದು ಜಮೆಯಾದ ನಂತರವೇ ಎರಡನೆಯದರ ಭತ್ತ ಕೊಳ್ಳಲಿ. ಉತ್ತರ ಬಾರದಿದ್ದರೆ ಆ ಅಕ್ಕಿಗೆ ಬೆಂಗಳೂರಿನ ಪೇಟೆಯೇ ಮೇಲು.